ಜಕಾತಿ ಚೀಟಿ ಐತಿ, ಜಾಗ ಇಲ್ಲ

1/7
ಈ ಫೋಟೋದಲ್ಲಿ ಇರೋದು ನಮ್ಮತ್ತಿಯ ಹಳೇ ಬಿಸ್ಕಿಟ್ ಡಬ್ಬಿ. ತಕ್ಕಡಿ ಪಕ್ಕದಾಗ ಯಾವಾಗಲೂ ಇರುತ್ತೆ. ಒಳಗೆ ದುಡ್ಡು ಇರಬಹುದು ಅಂದ್ಕೊಂಡು ಸಣ್ಣವನಿದ್ದಾಗ ಒಮ್ಮೆ ತೆಗೆದು ನೋಡಿದ್ದೆ. ಬರೀ ಚೀಟಿ. ಕೆಂಪು, ಹಳದಿ, ಬಿಳಿ ಬಣ್ಣದ ಜಕಾತಿ ಚೀಟಿಗಳು, ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟವು.

ಅತ್ತಿ ಹತ್ತೊಂಬತ್ತು ವರ್ಷದಿಂದ ನಮ್ಮ ಜಿಲ್ಲೆಯ ಒಂದು ಊರಿನ ರಸ್ತೆ ಬದಿ ಕಾಯಿಪಲ್ಲೆ ಮಾರ್ತಾಳೆ. ಹೋದ ವರ್ಷ ರಸ್ತೆ ಅಗಲ ಮಾಡುವಾಗ ಅವಳನ್ನ ಎಬ್ಬಿಸಿದ್ರು. ಅವಳು ಈ ಡಬ್ಬಿ ತೋರಿಸಿದಳು. "ಇದು ರೊಕ್ಕ ಕೊಟ್ಟಿದ್ದಕ್ಕ ಚೀಟಿ ಬೇ, ಜಾಗಕ್ಕಲ್ಲ" ಅಂದ್ರಂತೆ.

ನಮ್ಮ ಬಿಕಾಂ ಪುಸ್ತಕದಲ್ಲಿ ಇಂಥವರನ್ನ 'ಅನೌಪಚಾರಿಕ ವಲಯ' ಅಂತಾರೆ, ಅಂದ್ರೆ ಸರ್ಕಾರದ ನಿಯಮದ ಹೊರಗೆ ಇರೋರು. ಹೊರಗೆ ಇರೋರ ಹತ್ರ ದಿನಾ ಚೀಟಿ ಹರಿಯೋರು ಯಾರು? ಈ ಪ್ರಶ್ನೆ ಹಿಡ್ಕೊಂಡು ಹೋದ್ರೆ ಐನೂರು ವರ್ಷ ಹಿಂದಕ್ಕೆ ಹೋಗಬೇಕಾಗುತ್ತೆ. ಬನ್ನಿ.

2/7
ಗಂಗಾವತಿ ತಾಲ್ಲೂಕಿನ ಆನೆಗೊಂದಿಯಲ್ಲಿ ನಿಂತ್ರೆ ಹೊಳೆ ಆಚೆ ಹಂಪಿ. 1530ರ ದಶಕದಲ್ಲಿ ಅಲ್ಲಿಗೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್ ಒಂದು ವಿಷಯ ಬರೆದಿಟ್ಟಿದ್ದಾನೆ. ಊರಿನ ಒಂದು ಬಾಗಿಲಿನ ಸುಂಕವನ್ನ ವರ್ಷಕ್ಕೆ 12,000 ಪರ್ದಾವ್‌ಗೆ, ಅಂದ್ರೆ ಅಷ್ಟು ಚಿನ್ನದ ನಾಣ್ಯಕ್ಕೆ ಗುತ್ತಿಗೆ ಕೊಟ್ಟಿದ್ರು. ಗುತ್ತಿಗೆದಾರ ಕೇಳಿದಷ್ಟು ಕೊಡದೆ ಹಳ್ಳಿಯವರಾಗಲಿ ಪರದೇಶದವರಾಗಲಿ ಒಳಗೆ ಹೋಗೋ ಹಾಗಿರಲಿಲ್ಲ. ದಿನಕ್ಕೆ ಎರಡು ಸಾವಿರ ಹೇರೆತ್ತು ಸಾಮಾನು ಹೊತ್ತು ಬರ್ತಿದ್ವು ಅಂತಲೂ ಬರೀತಾನೆ.

ಲೆಕ್ಕ ಸರಳ. ರಾಜ ಎತ್ತು ಎಣಿಸೋಕೆ ಹೋಗಲ್ಲ. ಒಬ್ಬನ ಹತ್ರ ಮೊದಲೇ ಇಡಿಗಂಟು ತಗೋತಾನೆ. ಆ ಮೊತ್ತಕ್ಕಿಂತ ಎಷ್ಟು ಜಾಸ್ತಿ ವಸೂಲಿ ಆಗುತ್ತೋ ಅದು ಗುತ್ತಿಗೆದಾರನ ಲಾಭ.

ಈಗ ನಮ್ಮ ಕಡೆ ಸಂತಿಗೆ ಬನ್ನಿ. ಇವತ್ತಿಗೂ ಹಲವು ಊರಲ್ಲಿ ಸಂತೆ ಕರ ವಸೂಲಿ ಮಾಡೋ ಹಕ್ಕನ್ನ ವರ್ಷಕ್ಕೊಮ್ಮೆ ಹರಾಜು ಹಾಕ್ತಾರೆ. ಜನರ ಬಾಯಲ್ಲಿ ಅದು ಜಕಾತಿ. ಹರಾಜು ಹಿಡಿದವನ ಹುಡುಗ ಚೀಟಿ ಪುಸ್ತಕ ಹಿಡ್ಕೊಂಡು ಬುಟ್ಟಿಯಿಂದ ಬುಟ್ಟಿಗೆ ಬರ್ತಾನೆ. ಮಧ್ಯದಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನ ಬಂತು, ಹೋಯ್ತು. 1956ರಲ್ಲಿ ನಾವು ಮೈಸೂರು ರಾಜ್ಯ ಸೇರಿದ್ವಿ. 1997ರಲ್ಲಿ ರಾಯಚೂರಿಂದ ಬೇರೆ ಆಗಿ ಕೊಪ್ಪಳ ಜಿಲ್ಲೆ ಆಯ್ತು. ವಸೂಲಿಯ ದಾರಿ ಮಾತ್ರ ನೂನಿಜ್‌ಗೂ ಗುರುತು ಸಿಗೋ ಹಾಗಿದೆ.

ಇದರಲ್ಲಿ ಒಂದು ತಮಾಷೆ ನೋಡಿ. ಹರಾಜು ಹಿಡಿದವನಿಗೆ ರಸ್ತೆಯಲ್ಲಿ ಜಾಸ್ತಿ ಬುಟ್ಟಿ ಇದ್ದಷ್ಟೂ ಒಳ್ಳೇದು. ಮುಂದಿನ ವರ್ಷದ ಹರಾಜೂ ಮೇಲೆ ಹೋಗುತ್ತೆ. ಅದೇ ಆಡಳಿತದ ಇನ್ನೊಂದು ಟೇಬಲ್‌ಗೆ ಟ್ರಾಫಿಕ್ ಸಲುವಾಗಿ ಬುಟ್ಟಿ ಕಮ್ಮಿ ಆಗಬೇಕು. ಒಂದು ಕೈ ಕೂರಿಸುತ್ತೆ, ಇನ್ನೊಂದು ಕೈ ಎಬ್ಬಿಸುತ್ತೆ.

3/7
ಸರಿ, ಇಷ್ಟೊಂದು ಜನ ರಸ್ತೆಗೆ ಬರೋದು ಯಾಕೆ? ನಮ್ಮ ಜಿಲ್ಲೆಯ ಮ್ಯಾಪ್ ನೋಡಿದ್ರೆ ಅರ್ಧ ಉತ್ತರ ಸಿಗುತ್ತೆ.

1953ರಲ್ಲಿ ತುಂಗಭದ್ರಾ ಡ್ಯಾಂ ನೀರು ಕೊಡೋಕೆ ಶುರು ಮಾಡಿತು. ಎಡದಂಡೆ ಕಾಲುವೆ ಗಂಗಾವತಿ ಕಡೆ ಹರೀತು. ಭತ್ತ ಬಂತು, ರೈಸ್ ಮಿಲ್ ಬಂದ್ವು, ಹಮಾಲರು, ಲಾರಿ ಡ್ರೈವರ್‌ಗಳು ಬಂದ್ರು. 2011ರ ಜನಗಣತಿಯಲ್ಲಿ ಗಂಗಾವತಿ ಒಂದು ಲಕ್ಷ ದಾಟಿತ್ತು, ಜಿಲ್ಲಾ ಕೇಂದ್ರ ಕೊಪ್ಪಳಕ್ಕಿಂತ ದೊಡ್ಡದು. ಆದ್ರೆ ಕುಷ್ಟಗಿ, ಯಲಬುರ್ಗಾ ಕಡೆ ಬಹುಪಾಲು ಹೊಲ ಮಳೆಯನ್ನೇ ನಂಬಿಕೊಂಡಿವೆ. ಮಳೆ ಕೈಕೊಟ್ಟ ವರ್ಷ ಜನ ಗೋವಾ, ಮಂಗಳೂರು, ಬೆಂಗಳೂರು ಅಂತ ದುಡಿಯೋಕೆ ಹೋಗ್ತಾರೆ. ಹೋಗೋಕೆ ಆಗದವರು, ಅಂದ್ರೆ ಸಣ್ಣ ಮಕ್ಕಳಿರೋ ತಾಯಿ, ವಯಸ್ಸಾದ ಅತ್ತೆ-ಮಾವನ್ನ ನೋಡ್ಕೊಳ್ಳೋಳು, ಕಾಲು ಮುರಿದು ಕಟ್ಟಡದ ಕೆಲಸ ಬಿಟ್ಟವನು, ಹತ್ತಿರದ ಊರಿಗೆ ಬಸ್ ಹತ್ತುತ್ತಾರೆ.

ಅಂಗಡಿ ಹಾಕೋಕೆ ಡಿಪಾಸಿಟ್ ಬೇಕು, ಬಾಡಿಗೆ ಬೇಕು, ವರ್ಷಪೂರ್ತಿ ತೆಗೆದಿಟ್ಟಿರಬೇಕು. ಬುಟ್ಟಿಗೆ ಎರಡು ಸಾವಿರ ಇದ್ರೆ ನಾಳೆ ಬೆಳಗ್ಗೆಯೇ ಶುರು. ಬಿತ್ತನೆ ಟೈಮಲ್ಲಿ ಬಿಟ್ಟು ಹೊಲಕ್ಕೆ ಹೋಗಬಹುದು, ರಾಶಿ ಮುಗಿದ ಮೇಲೆ ಮತ್ತೆ ಬರಬಹುದು.

1971ರಲ್ಲಿ ಕೀತ್ ಹಾರ್ಟ್ ಅನ್ನೋ ಮಾನವಶಾಸ್ತ್ರಜ್ಞ ಘಾನಾ ದೇಶದ ಅಕ್ರಾ ನಗರದ ಬಗ್ಗೆ ಇದನ್ನೇ ಹೇಳಿದ. ಸರ್ಕಾರದ ಲೆಕ್ಕದಲ್ಲಿ 'ನಿರುದ್ಯೋಗಿ' ಅಂತ ಇದ್ದವರು ನಿಜವಾಗಿ ಖಾಲಿ ಕೂತಿರಲಿಲ್ಲ, ಮಾರೋದು, ರಿಪೇರಿ, ಸಾಗಾಟ ಅಂತ ಏನಾದ್ರೂ ಮಾಡ್ತಾನೇ ಇದ್ರು. ನಮ್ಮ ಪುಸ್ತಕದ 'ಅನೌಪಚಾರಿಕ' ಅನ್ನೋ ಪದ ಚಾಲ್ತಿಗೆ ಬಂದದ್ದು ಅವನಿಂದ.

4/7
ಈಗ ಅತ್ತಿಯ ಒಂದು ದಿನದ ಲೆಕ್ಕ. ಅವಳ ಮುಂದೆ ಕೂತೇ ಬರ್ಕೊಂಡಿದ್ದು.

ಬೆಳಗ್ಗೆ ಐದಕ್ಕೆ ಸವಾಲಿನಲ್ಲಿ ಮಾಲು: 2,000
ಆಟೋ: 100
ಜಕಾತಿ: 20
ಚಹಾ, ಊಟ: 60
ರಾತ್ರಿ ಒಟ್ಟು ಮಾರಿದ್ದು: 2,550
ಉಳಿದದ್ದು: 370

ಸಾಲ ಬೇರೆ ಇದೆ. ಚೀಟಿಯಲ್ಲಿ 10,000 ಅಂತ ಬರೆದು, ಸಾವಿರ ಮುರ್ಕೊಂಡು, ಕೈಗೆ 9,000 ಕೊಡ್ತಾರೆ. ದಿನಕ್ಕೆ ನೂರರಂತೆ ನೂರು ದಿನ ಕಟ್ಟಬೇಕು. ಅಂದ್ರೆ 370ರಲ್ಲಿ ಮನೆಗೆ ಹೋಗೋದು 270.

ನಾನು ಕ್ಲಾಸಲ್ಲಿ ಕಲಿತ ಹಾಗೆ ಬಡ್ಡಿ ದರ ಹಾಕಿದೆ. ದಿನಾ ಅಸಲೂ ಕರಗ್ತಾ ಹೋಗೋದ್ರಿಂದ ವರ್ಷಕ್ಕೆ ಸುಮಾರು ಶೇ. 77 ಬಂತು. "ಅತ್ತಿ, ಇದು ಲೂಟಿ" ಅಂದೆ. ಅವಳು ನಕ್ಕು, "ನೂರು ದಿನಕ್ಕ ಸಾವಿರ ಹೌದಲ್ಲೋ? ದಿನಕ್ಕ ಹತ್ತು ರೂಪಾಯಿ. ಜಕಾತಿನೇ ಇಪ್ಪತ್ತು ಕೊಡ್ತೀನಿ" ಅಂದ್ಲು.

ಅವಳ ಲೆಕ್ಕವೂ ಸರಿ. ಅವಳ ಎರಡು ಸಾವಿರ ದಿನಾ ಒಂದು ಸುತ್ತು ತಿರುಗಿ ಬರುತ್ತೆ. ಹಂಗೆ ತಿರುಗೋವರೆಗೂ ಶೇ. 77 ಕೂಡ ಹೊರಬಹುದು. ಸುತ್ತು ನಿಂತ ದಿನ ಕಷ್ಟ. ಎರಡು ದಿನ ಜಡಿಮಳೆ ಹಿಡಿದ್ರೆ ಕೊತ್ತಂಬರಿ ಕೊಳೆಯುತ್ತೆ, ಕಂತಿನ ಇನ್ನೂರು ನಿಲ್ಲಲ್ಲ, ಮೂರನೇ ದಿನ ಮಾಲು ತರೋಕೆ ಎರಡು ಸಾವಿರ ಇರಲ್ಲ. ಆಗ ಹಳೇ ಸಾಲ ತೀರಿಸೋಕೆ ಹೊಸ ಸಾಲ. ಇಂಥ ವ್ಯಾಪಾರ ಮುಳುಗ್ತಿದೆ ಅಂತ ಗೊತ್ತಾಗೋದು ಹೀಗೇ: ಬುಟ್ಟಿ ದಿನದಿಂದ ದಿನಕ್ಕೆ ಸಣ್ಣದಾಗುತ್ತೆ, ಕಂತು ಮಾತ್ರ ಅಷ್ಟೇ ಇರುತ್ತೆ.

5/7
ರಸ್ತೆಯಿಂದ ಎಬ್ಬಿಸಿದ ಮೇಲೆ ಅತ್ತಿಗೆ ಬೇರೆ ಜಾಗ ತೋರಿಸಿದ್ರು. ಮೇಲೆ ಶೀಟು, ಕೆಳಗೆ ಸಿಮೆಂಟ್ ಕಟ್ಟೆ, ನಲ್ಲಿ ಕೂಡ ಇತ್ತು. ನೋಡೋಕೆ ಹಳೇ ಜಾಗಕ್ಕಿಂತ ಚೆಂದ. ಆದ್ರೆ ಬಸ್ಸಿಳಿದು ಮನೆಗೆ ಹೋಗೋ ಜನ ಆ ದಾರಿಯಲ್ಲಿ ಬರ್ತಿರಲಿಲ್ಲ.

ಅತ್ತಿಯ ವ್ಯಾಪಾರದ ಅರ್ಧ ಸಂಜೆ ಐದರಿಂದ ಎಂಟರ ಒಳಗೆ. ಹೊಸ ಜಾಗದಲ್ಲಿ 2,000 ಮಾಲಿಗೆ 1,900 ಬಂತು. ಆಟೋ, ಊಟ, ಜಕಾತಿ ಸೇರಿದ್ರೆ ದಿನಕ್ಕೆ 280 ಲಾಸು, ಮೇಲೆ ಕಂತು ನೂರು. ಹದಿನೈದು ದಿನ ನೋಡಿದಳು. ಹದಿನಾರನೇ ದಿನ ಹಳೇ ರಸ್ತೆಯಲ್ಲಿದ್ದಳು.

ಪೇಪರ್‌ನಲ್ಲಿ ಇದನ್ನ 'ಮತ್ತೆ ಒತ್ತುವರಿ' ಅಂತ ಬರೀತಾರೆ. ಅವಳ ಕಡೆಯಿಂದ ನೋಡಿದ್ರೆ, ನಿಯಮ ಕೊಟ್ಟ ಜಾಗದಲ್ಲಿ ಕೂತ್ರೆ ವಾರದೊಳಗೆ ಬಂಡವಾಳವೇ ಖಾಲಿ. ಶೀಟು ಕಟ್ಟಬಹುದು, ಸಂಜೆಯ ಗಿರಾಕಿಗಳನ್ನ ಕಟ್ಟೋಕೆ ಆಗಲ್ಲ.

6/7
ಹಾಗಾದ್ರೆ ಕಾನೂನು ಏನನ್ನುತ್ತೆ? 1989ರಲ್ಲಿ ಸೋದನ್ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟ್, ರಸ್ತೆ ಬದಿ ವ್ಯಾಪಾರವೂ ಸಂವಿಧಾನದ 19(1)(ಜಿ) ವಿಧಿ ಕೊಡೋ ಉದ್ಯೋಗದ ಹಕ್ಕಿನೊಳಗೆ ಬರುತ್ತೆ ಅಂತ ಹೇಳಿತು. ಆದ್ರೆ ಇಂಥದ್ದೇ ಜಾಗ ನನಗೆ ಬೇಕು ಅನ್ನೋ ಹಕ್ಕು ಇಲ್ಲ ಅಂತಲೂ ಹೇಳಿತು. ಮಾರೋ ಹಕ್ಕಿದೆ, ಕೂರೋ ಜಾಗದ ಹಕ್ಕಿಲ್ಲ.

ಆ ನಡುವಿನ ತಗ್ಗು ತುಂಬೋಕೆ 2014ರಲ್ಲಿ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಬಂತು. ಮೊದಲು ಸಮೀಕ್ಷೆ ಮಾಡಬೇಕು, ಅದು ಮುಗಿದು ಎಲ್ಲರಿಗೂ ಪ್ರಮಾಣಪತ್ರ ಕೊಡೋವರೆಗೂ ಯಾರನ್ನೂ ಎಬ್ಬಿಸೋ ಹಾಗಿಲ್ಲ. ಆಮೇಲೂ ಎಬ್ಬಿಸೋಕೆ 30 ದಿನದ ನೋಟಿಸ್ ಬೇಕು. ಜಾಗ ತೀರ್ಮಾನಿಸೋ ಪಟ್ಟಣ ಮಾರಾಟ ಸಮಿತಿಯಲ್ಲಿ ಶೇ. 40 ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಐವತ್ತು ವರ್ಷ ದಾಟಿದ ಮಾರುಕಟ್ಟೆಯನ್ನ ಪಾರಂಪರಿಕ ಅಂತ ಘೋಷಿಸಬೇಕು, ಅಲ್ಲಿನವರನ್ನ ಸ್ಥಳಾಂತರ ಮಾಡೋ ಹಾಗಿಲ್ಲ.

ಒಳ್ಳೇ ಕಾಯ್ದೆ. ತೊಡಕು ಎಣಿಕೆಯಲ್ಲಿದೆ. ಊರಿನ ಜನಸಂಖ್ಯೆಯ ಶೇ. 2.5ರವರೆಗೆ ವ್ಯಾಪಾರಿಗಳಿಗೆ ಜಾಗ ಕೊಡಬೇಕು ಅನ್ನುತ್ತೆ. ಲಕ್ಷ ಜನರ ಊರಿಗೆ 2,500. ಆದ್ರೆ ನಮ್ಮ ಊರುಗಳಲ್ಲಿ ಕೊಳ್ಳೋರೂ ಮಾರೋರೂ ಎಷ್ಟೋ ಜನ ಸುತ್ತಲಿನ ಹಳ್ಳಿಯವರು, ಸಂಜೆ ಬಸ್ಸಿಗೆ ವಾಪಸ್ ಹೋಗ್ತಾರೆ. ಊರಿನ ಜನಸಂಖ್ಯೆಯಲ್ಲಿ ಅವರಿಲ್ಲ. ಸಮೀಕ್ಷೆಯವರು ಬಂದ ದಿನ ಹೊಲದಲ್ಲಿ ಕಳೆ ತೆಗೀತಿದ್ದವಳೂ ಇಲ್ಲ. ಐದು ವರ್ಷಕ್ಕೊಮ್ಮೆ ಎಣಿಸಿದ್ರೆ ಸಾಕು ಅನ್ನೋ ಕಾಯ್ದೆಗೆ, ಮಳೆ ನೋಡಿ ಬಂದು ಹೋಗೋ ವ್ಯಾಪಾರಿ ಸಿಗೋದು ಕಷ್ಟ.

2020ರ ಪಿಎಂ ಸ್ವನಿಧಿ ಸಾಲ ಬಂದಾಗಲೂ ಇದೇ ಕಥೆ. ಆಗ ಮೊದಲ ಸಾಲ 10,000 ಇತ್ತು, ಬಡ್ಡಿಯಲ್ಲಿ ಶೇ. 7 ಸಹಾಯಧನ. ಶೇ. 77ರ ಮುಂದೆ ಅದು ಹಬ್ಬ. ಆದ್ರೆ ಬ್ಯಾಂಕಿಗೆ ಗುರುತಿನ ಚೀಟಿ, ಪ್ರಮಾಣಪತ್ರ, ಇಲ್ಲಾಂದ್ರೆ ಸ್ಥಳೀಯ ಸಂಸ್ಥೆಯ ಶಿಫಾರಸು ಪತ್ರ ಬೇಕು. ಡಬ್ಬಿ ತುಂಬ ಜಕಾತಿ ಚೀಟಿ ಇದ್ರೂ ಅತ್ತಿ ಹತ್ರ ಅದು ಇರಲಿಲ್ಲ.

7/7
ಈಗ ಮೊದಲ ಪ್ರಶ್ನೆಗೆ ವಾಪಸ್. ಊರು ಬೆಳೆದ್ರೂ ಈ ವ್ಯಾಪಾರ ಯಾಕೆ ಹೋಗ್ತಿಲ್ಲ? ಮಳೆಯ ಹೊಲ ಜನರನ್ನ ಕಳಿಸ್ತಾನೇ ಇದೆ. ಅಂಗಡಿಗೆ ಬೇಕಾದಷ್ಟು ದುಡ್ಡು ಅವರ ಹತ್ರ ಇಲ್ಲ. ಜನ ಓಡಾಡೋ ದಾರಿ ಬಿಟ್ಟರೆ ಅವರ ದುಡ್ಡು ತಿರುಗಲ್ಲ. ಜಕಾತಿ ಹಿಡಿದವನಿಗೂ ಅವರು ಅಲ್ಲೇ ಇರಬೇಕು. ಆದ್ದರಿಂದ ಇವರನ್ನ 'ನಿಯಮದ ಹೊರಗಿನವರು' ಅಂತ ಪರೀಕ್ಷೆಯಲ್ಲಿ ಬರೆಯೋಕೆ ನನಗೆ ಕೈ ಬರಲ್ಲ. ವಸೂಲಿಗೆ ಇವರು ಒಳಗೇ ಇದ್ದಾರೆ, ರಕ್ಷಣೆಗೆ ಮಾತ್ರ ಹೊರಗೆ.

ನಿಮ್ಮ ಮನೆಯಲ್ಲೂ ಯಾರಾದ್ರೂ ಬುಟ್ಟಿ, ತಳ್ಳುಗಾಡಿ ಇಟ್ಕೊಂಡಿದ್ರೆ ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯಲ್ಲಿ ಎರಡು ವಿಷಯ ಕೇಳಿ. ಸಮೀಕ್ಷೆಯ ಪಟ್ಟಿಯಲ್ಲಿ ಹೆಸರಿದೆಯಾ? ಮಾರಾಟ ಸಮಿತಿಯಲ್ಲಿ ವ್ಯಾಪಾರಿಗಳ ಪರವಾಗಿ ಯಾರಿದ್ದಾರೆ? ಮಾಲು ಎತ್ಕೊಂಡು ಹೋದ್ರೆ ಪಟ್ಟಿ ಬರೆಸ್ಕೊಳ್ಳಿ. ಕಾಯಿಪಲ್ಲೆ, ಹಣ್ಣಿನಂಥ ಕೆಡೋ ಮಾಲನ್ನ ಅವತ್ತೇ ಬಿಡಬೇಕು, ಬೇರೆ ಮಾಲನ್ನ ಎರಡು ಕೆಲಸದ ದಿನದೊಳಗೆ, ಅಂತ ಅದೇ ಕಾಯ್ದೆಯಲ್ಲಿದೆ.

ಅತ್ತಿಯ ಅರ್ಜಿ ನಾನೇ ಬರೆದೆ. ಜೊತೆಗೆ ಹಳೇ ಚೀಟಿಗಳ ಜೆರಾಕ್ಸ್ ಇಟ್ಟಿದ್ದೀನಿ, ವರ್ಷಕ್ಕೊಂದರ ಹಾಗೆ ಹತ್ತೊಂಬತ್ತು. ಮೊದಮೊದಲಿನವು ಅಳಿಸಿ ಹೋಗಿವೆ, ತಾರೀಖು ಮಾತ್ರ ಕಾಣುತ್ತೆ. ಉತ್ತರ ಇನ್ನೂ ಬಂದಿಲ್ಲ. ಬಂದ್ರೆ ಇಲ್ಲೇ ಹಾಕ್ತೀನಿ.

#ಕೊಪ್ಪಳ #ಗಂಗಾವತಿ #ಕುಷ್ಟಗಿ #ಯಲಬುರ್ಗಾ #ನಮ್ಮೂರಸಂತಿ