ಎಲ್‌ಕೆಜಿ, ಯುಕೆಜಿ ಮಕ್ಕಳಿಗೆ ಮಾರ್ಕ್ಸ್ ಕಾರ್ಡ್ ಯಾಕಿಲ್ಲ? ಟೀಚರ್ ಕೊಡುವ ಫೈಲ್ ಓದುವುದು ಹೇಗೆ?

ಪಾಲಕರ ಸಭೆಗೆ ಅಂಗಡಿ ಮುಚ್ಚಿ ಓಡಿಬಂದ ಅಪ್ಪನ ಕೈಗೆ ಟೀಚರ್ ಒಂದು ಫೈಲ್ ಕೊಡ್ತಾರೆ. ಒಳಗೆ ಗೀಚಿದ ಚಿತ್ರಗಳು, ಅಂಟಿಸಿದ ಎಲೆ, ಮೂರ್ನಾಲ್ಕು ಸಾಲಿನ ಟಿಪ್ಪಣಿಗಳು. ‘ಮೇಡಂ, ಮಾರ್ಕ್ಸ್ ಎಷ್ಟು ಬಂತು?’ ಎಂದರೆ ‘ಈ ವಯಸ್ಸಿಗೆ ಮಾರ್ಕ್ಸ್ ಇಲ್ಲ ಸರ್’ ಅನ್ನೋ ಉತ್ತರ. ಫೀಸ್ ಕಟ್ಟಿದವರಿಗೆ ಸಿಟ್ಟು ಬರುವುದು ಸಹಜ.

ಆದರೆ ಟೀಚರ್ ಹೇಳಿದ್ದರಲ್ಲಿ ತಪ್ಪಿಲ್ಲ. 3ರಿಂದ 8 ವರ್ಷದ ಮಕ್ಕಳಿಗಾಗಿ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಈ ಹಂತಕ್ಕೆ ಪರೀಕ್ಷೆ ಸೂಕ್ತವಲ್ಲ ಎಂದೇ ಹೇಳುತ್ತದೆ. ಅದು ಹೇಳುವ ದಾರಿ ಎರಡು: ಮಗುವನ್ನು ಗಮನಿಸುವುದು, ಮಗು ಮಾಡಿದ ಕೆಲಸವನ್ನು ನೋಡುವುದು. ಮಗುವಿನ ಕೆಲಸಗಳನ್ನು ಸೇರಿಸಿಟ್ಟ ಫೈಲಿಗೆ ನಮ್ಮ ಶಾಲೆಗಳಲ್ಲಿ ‘ಕೃತಿ ಸಂಪುಟ’ ಎನ್ನುತ್ತಾರೆ. ಸರ್ಕಾರಿ ಶಾಲೆಗಳ ನಲಿಕಲಿ ತರಗತಿಗಳಲ್ಲೂ ಮಗು ಕಲಿಕಾ ಏಣಿಯ ಯಾವ ಮೆಟ್ಟಿಲಲ್ಲಿದೆ ಎಂದು ನೋಡುವ ಪದ್ಧತಿ ಹಿಂದಿನಿಂದಲೂ ಇದೆ.

ಲೆಕ್ಕದ ಉದಾಹರಣೆಯನ್ನೇ ನೋಡೋಣ. ಐದು ವರ್ಷದ ಒಂದು ಹುಡುಗಿ ಒಂದರಿಂದ ಐವತ್ತರವರೆಗೆ ಪಟಪಟ ಹೇಳ್ತಾಳೆ, ಕಾಪಿ ಬರೀತಾಳೆ ಎಂದಿಟ್ಟುಕೊಳ್ಳಿ. ಪರೀಕ್ಷೆ ಇಟ್ಟರೆ ಪೂರ್ತಿ ಅಂಕ. ಅದೇ ಹುಡುಗಿಗೆ ಅಂಗಡಿಯಲ್ಲಿ ‘ಡಬ್ಬಿಯಿಂದ ಏಳು ಪೆಪ್ಪರಮಿಂಟ್ ಕೊಡು’ ಅಂದರೆ ಕೈತುಂಬ ಬಾಚಿ ಕೊಡಬಹುದು. ಬಾಯಿಪಾಠ ಬಂದಿದೆ, ಎಣಿಕೆ ಬಂದಿಲ್ಲ. ಈ ವ್ಯತ್ಯಾಸ ಉತ್ತರಪತ್ರಿಕೆಯಲ್ಲಿ ಕಾಣೋದಿಲ್ಲ, ಪಕ್ಕದಲ್ಲಿ ಕೂತು ನೋಡಿದವರಿಗೆ ಕಾಣುತ್ತೆ.

ಟೀಚರ್ ಟಿಪ್ಪಣಿ ಹೀಗಿರಬೇಕು: ‘ಜುಲೈ 14. ಎಂಟು ಹುಣಸೆಬೀಜ ಇಟ್ಟೆ. ಬಾಯಲ್ಲಿ ಹತ್ತರವರೆಗೆ ಹೇಳಿದಳು, ಬೆರಳು ಎರಡು ಬೀಜ ಬಿಟ್ಟು ಹೋಯಿತು.’ ಇದಾದ ಮೇಲೆ ಟೀಚರ್ ಆಕೆಗೆ ಒಂದೊಂದೇ ಬೀಜ ಪಕ್ಕಕ್ಕೆ ಸರಿಸಿ ಎಣಿಸುವ ಆಟ ಆಡಿಸ್ತಾರೆ. ‘ಆಗಸ್ಟ್ 25. ಎಂಟನ್ನೂ ಸರಿಸಿ ಸರಿಯಾಗಿ ಎಣಿಸಿದಳು. ಒಟ್ಟು ಎಷ್ಟು ಎಂದಾಗ ಮತ್ತೆ ಒಂದರಿಂದ ಶುರು ಮಾಡಿದಳು.’ ಅಂದರೆ ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಂಬುದು ಇನ್ನೂ ತಲೆಗೆ ಹೋಗಿಲ್ಲ. ‘ನವೆಂಬರ್ 10. ಎಣಿಸಿದ ಕೂಡಲೇ ಎಂಟು ಎಂದಳು. ಬೀಜ ಹರಡಿ ಕೇಳಿದರೂ ಎಣಿಸದೆ ಎಂಟೇ ಎಂದಳು.’

ಮೂರು ಟಿಪ್ಪಣಿಯಲ್ಲಿ ‘ಜಾಣೆ’, ‘ಗುಡ್’ ಅನ್ನೋ ಮಾತೇ ಇಲ್ಲ ನೋಡಿ. ಮಗು ಏನು ಮಾಡಿತು, ಏನು ಹೇಳಿತು ಅಷ್ಟೇ. ಮುಂದೆ ಏನು ಕಲಿಸಬೇಕು ಅನ್ನೋದು ಅದರಿಂದಲೇ ಹೊರಡುತ್ತೆ. 100ಕ್ಕೆ 72 ಎಂಬ ಅಂಕ ಅದನ್ನು ಹೇಳಲಾರದು.

ಫೈಲಲ್ಲಿರುವ ಕೆಲಸಗಳನ್ನೂ ಹೀಗೇ ಓದಬೇಕು. ಜೂನ್‌ನಲ್ಲಿ ಬಿಡಿಸಿದ ಅಮ್ಮನ ಚಿತ್ರದಲ್ಲಿ ತಲೆಯಿಂದಲೇ ಕಾಲು ಹೊರಟಿರುತ್ತೆ, ಜನವರಿಯ ಚಿತ್ರದಲ್ಲಿ ಹೊಟ್ಟೆ, ಕೈ, ಬೆರಳು ಬಂದಿರುತ್ತೆ. ಪಕ್ಕದ ಮನೆ ಮಗುವಿನ ಚಿತ್ರದ ಜೊತೆ ಹೋಲಿಸಬೇಡಿ. ಹೋಲಿಕೆ ಅದೇ ಮಗುವಿನ ಹಳೇ ಚಿತ್ರದ ಜೊತೆ.

ಇನ್ನು, ಎಲ್ಲ ಫೈಲೂ ನಿಜವಾದ ಫೈಲಲ್ಲ. ಇಡೀ ತರಗತಿಯ ಚಿತ್ರಗಳು ಒಂದೇ ಥರ ಅಂದವಾಗಿದ್ದರೆ ದೊಡ್ಡವರ ಕೈ ಆಡಿದೆ ಎಂದೇ ಅರ್ಥ. ದಿನಾಂಕ ಇಲ್ಲದಿದ್ದರೆ ಬೆಳವಣಿಗೆ ಗೊತ್ತಾಗೋದಿಲ್ಲ. ಎಲ್ಲ ಟಿಕ್ ಮಾರ್ಕೂ ಒಂದೇ ಪೆನ್ನಲ್ಲಿ, ಒಂದೇ ದಿನ ಬಿದ್ದಂತಿದ್ದರೆ ಅದು ಸಭೆಗೋಸ್ಕರ ತುಂಬಿಸಿದ್ದು. ಹಾಗಂತ ಟೀಚರನ್ನೇ ದೂರುವಂತಿಲ್ಲ. 30 ಮಕ್ಕಳಿದ್ದು ದಿನಕ್ಕೆ ನಾಲ್ವರನ್ನು ನಿಗಾ ಇಟ್ಟು ನೋಡಿದರೂ ಒಂದು ಸುತ್ತಿಗೆ ಎಂಟು ಶಾಲಾ ದಿನ ಬೇಕು. 60 ಮಕ್ಕಳಿಗೆ ಒಬ್ಬರೇ ಟೀಚರ್ ಇದ್ದರೆ ಈ ಪದ್ಧತಿ ಕಾಗದದ ಮೇಲೇ ಉಳಿಯುತ್ತೆ. ಶಾಲೆಯನ್ನು ಕೇಳಬೇಕಾದ ಪ್ರಶ್ನೆ ಇದೇ.

ಟಿಪ್ಪಣಿ ಕಾಯಿಲೆ ಪತ್ತೆಹಚ್ಚುವ ಸಾಧನವೂ ಅಲ್ಲ. ಆದರೆ ‘ಹಿಂದಿನಿಂದ ಕರೆದರೆ ತಿರುಗುವುದಿಲ್ಲ’ ಎಂದು ಮತ್ತೆ ಮತ್ತೆ ಬರೆದಿದ್ದರೆ ತಡಮಾಡದೆ ತಾಲೂಕು ಆಸ್ಪತ್ರೆಯಲ್ಲಿ ಕಿವಿ ತೋರಿಸಿ. ಹಟಮಾರಿ ಎಂದುಕೊಂಡ ಮಗುವಿಗೆ ಕೇಳಿಸುವುದೇ ಕಡಿಮೆ ಇರಬಹುದು.

ಮುಂದಿನ ಸಭೆಯಲ್ಲಿ ‘ಎಷ್ಟು ಮಾರ್ಕ್ಸ್’ ಬದಲು ‘ಮೂರು ತಿಂಗಳ ಹಿಂದೆ ಮಾಡಲಾಗದ್ದು ಈಗೇನು ಮಾಡ್ತಾನೆ, ತೋರಿಸಿ’ ಎಂದು ಕೇಳಿ. ಮನೆಯಲ್ಲಿ ನೀವು ಕಂಡದ್ದನ್ನೂ ಹೇಳಿ. ಶಾಲೆಯಲ್ಲಿ ಬಾಯಿ ಬಿಡದ ಮಗು ಅಂಗಡಿ ಗಲ್ಲಾಪೆಟ್ಟಿಗೆ ಪಕ್ಕ ಕೂತು ಹತ್ತರ ನೋಟು, ಇಪ್ಪತ್ತರ ನೋಟು ಬೇರೆ ಮಾಡಿ ಇಡ್ತಿದ್ದರೆ, ಅದೂ ಆ ಫೈಲಿಗೆ ಸೇರಬೇಕಾದ ಸಂಗತಿ.