ನೀರು ಬಿಡುವ ಸರದಿ ಮತ್ತು ಲಾರ್ವಾ ಸಮೀಕ್ಷೆ: ಕೊಪ್ಪಳ ಜಿಲ್ಲೆಯ ನಾಲ್ಕು ಪಟ್ಟಣಗಳಲ್ಲಿ ಸೊಳ್ಳೆ ನಿಯಂತ್ರಣದ ಹೊಂದಾಣಿಕೆ

ಸಾರಾಂಶ

ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಪಟ್ಟಣಗಳಲ್ಲಿ ಸೊಳ್ಳೆ ನಿಯಂತ್ರಣದ ಹೊಣೆ ಸ್ಥಳೀಯ ಸಂಸ್ಥೆ ಮತ್ತು ಆರೋಗ್ಯ ಇಲಾಖೆಗಳ ನಡುವೆ ಹಂಚಿಹೋಗಿದೆ. ಚರಂಡಿ, ಕಸ, ನೀರು ಸರಬರಾಜು ಮೊದಲನೆಯದರ ಪಾಲಿಗೆ ಬಂದಿವೆ. ಜ್ವರ, ರಕ್ತಪರೀಕ್ಷೆ, ಲಾರ್ವಾ ಸಮೀಕ್ಷೆ ಎರಡನೆಯದರ ಪಾಲಿಗೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಹುಟ್ಟುವುದು ಈ ಎರಡೂ ಪಾಲುಗಳ ನಡುವಿನ ಜಾಗದಲ್ಲಿ, ಅಂದರೆ ಮನೆಯೊಳಗೆ ತುಂಬಿಟ್ಟ ನೀರಿನಲ್ಲಿ. ಸಮೀಕ್ಷೆಯ ದಿನವನ್ನು ವಾರ್ಡಿಗೆ ನೀರು ಬಿಡುವ ಸರದಿಗೆ ಹೊಂದಿಸದಿದ್ದರೆ ಲೆಕ್ಕವೂ ತಪ್ಪುತ್ತದೆ, ಕೆಲಸವೂ ಕೆಡುತ್ತದೆ ಎಂಬುದು ಈ ಲೇಖನದ ವಾದ.

1. ಒಂದೇ ಜಿಲ್ಲೆ, ಎರಡು ಬಗೆಯ ನೀರು

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆಯನ್ನು ಸೊಳ್ಳೆಯ ದೃಷ್ಟಿಯಿಂದ ಎರಡು ಭಾಗವಾಗಿ ನೋಡಬೇಕು. ಗಂಗಾವತಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯಿಂದಾಗಿ ಭತ್ತದ ಗದ್ದೆಗಳು ಬಂದವು. ಕುಷ್ಟಗಿ ಮತ್ತು ಯಲಬುರ್ಗಾ ಬಹುಮಟ್ಟಿಗೆ ಮಳೆಯನ್ನೇ ನಂಬಿದ ಎರೆ ಮತ್ತು ಮಸಾರಿ ಭೂಮಿ. ಅಲ್ಲಿನ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದರಿಂದ ಕುಡಿಯುವ ನೀರನ್ನು ಬೇರೆ ಕಡೆಯಿಂದ ತರಬೇಕು, ತಂದದ್ದನ್ನು ಕೂಡಿಡಬೇಕು.

ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯತೊಡಗಿದ 1953ರಲ್ಲೇ ದೇಶದಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೂ ಆರಂಭವಾಯಿತು. ಆ ಕಾಲದ ಕಣ್ಣು ಅನಾಫಿಲಿಸ್ ಸೊಳ್ಳೆಯ ಮೇಲಿತ್ತು. ಕಾಲುವೆಯ ಬಸಿನೀರು, ನಿಧಾನಕ್ಕೆ ಹರಿಯುವ ಹಳ್ಳ, ಬಾವಿಗಳು ಅದರ ನೆಲೆ. ಗದ್ದೆಯ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಜಾತಿಗಳು ಜಪಾನೀಸ್ ಎನ್ಸೆಫಲೈಟಿಸ್ ಹರಡುತ್ತವೆ. ಪಟ್ಟಣದ ಕೊಳಕು ಚರಂಡಿಯಲ್ಲಿ ಹುಟ್ಟುವುದು ಇನ್ನೊಂದು ಕ್ಯೂಲೆಕ್ಸ್. ರಾತ್ರಿ ನಿದ್ದೆ ಕೆಡಿಸುವುದು, ಆನೆಕಾಲು ರೋಗ ಇರುವ ಪ್ರದೇಶಗಳಲ್ಲಿ ಅದನ್ನು ಹರಡುವುದು ಇದೇ. ಡೆಂಗಿ ಮತ್ತು ಚಿಕುನ್‌ಗುನ್ಯಾ ಹರಡುವ ಈಡಿಸ್‌ಗೆ ಕಾಲುವೆಯೂ ಬೇಡ, ಚರಂಡಿಯೂ ಬೇಡ. ಬ್ಯಾರಲ್, ಸಿಮೆಂಟ್ ತೊಟ್ಟಿ, ಹರವಿ, ದನ ನೀರು ಕುಡಿಯುವ ಕಲ್ಲಿನ ತೊಟ್ಟಿ, ಬಿಸಾಡಿದ ಟೈರು ಇದ್ದರೆ ಸಾಕು. ಹಾಗಾಗಿ ಮಳೆ ಕಡಿಮೆಯಾದ ಒಣ ಪಟ್ಟಣದಲ್ಲಿಯೂ ಡೆಂಗಿ ಬರುತ್ತದೆ. ನೀರಿನ ಅಭಾವವೇ ಜನರನ್ನು ನೀರು ಕೂಡಿಡುವಂತೆ ಮಾಡುತ್ತದೆ.

2. ಹೊಣೆಯ ಹಂಚಿಕೆ

ಸಂವಿಧಾನದ 12ನೇ ಅನುಸೂಚಿಯು ಸಾರ್ವಜನಿಕ ಆರೋಗ್ಯ, ನೈರ್ಮಲ್ಯ ಮತ್ತು ಘನತ್ಯಾಜ್ಯ ನಿರ್ವಹಣೆಯನ್ನು ಪೌರಸಂಸ್ಥೆಗಳ ಪಟ್ಟಿಯಲ್ಲಿ ಇರಿಸಿದೆ. 11ನೇ ಅನುಸೂಚಿಯು ಆರೋಗ್ಯ ಮತ್ತು ನೈರ್ಮಲ್ಯವನ್ನು ಪಂಚಾಯಿತಿಗಳ ಪಟ್ಟಿಗೆ ಸೇರಿಸಿದೆ. ಕರ್ನಾಟಕ ಪೌರಸಭೆಗಳ ಅಧಿನಿಯಮ, 1964ರ ಪ್ರಕಾರ ಚರಂಡಿ ಶುಚಿಗೊಳಿಸುವುದು, ಉಪದ್ರವ ನಿವಾರಿಸುವುದು, ಸಾಂಕ್ರಾಮಿಕ ರೋಗ ಹರಡದಂತೆ ತಡೆಯುವುದು ಪೌರಸಭೆಗಳ ಕಡ್ಡಾಯ ಕೆಲಸಗಳು.

ಕೊಪ್ಪಳ ಮತ್ತು ಗಂಗಾವತಿಯಲ್ಲಿ ನಗರಸಭೆ, ಕುಷ್ಟಗಿಯಲ್ಲಿ ಪುರಸಭೆ, ಯಲಬುರ್ಗಾದಲ್ಲಿ ಪಟ್ಟಣ ಪಂಚಾಯಿತಿ ಇವೆ. ಅಲ್ಲಿನ ಆರೋಗ್ಯ ನಿರೀಕ್ಷಕರು ಪೌರಾಯುಕ್ತರಿಗೆ ಅಥವಾ ಮುಖ್ಯಾಧಿಕಾರಿಗೆ ಉತ್ತರ ಕೊಡುತ್ತಾರೆ. ಆಶಾ ಕಾರ್ಯಕರ್ತೆಯರು ಮತ್ತು ಇಲಾಖೆಯ ಆರೋಗ್ಯ ನಿರೀಕ್ಷಣಾಧಿಕಾರಿಗಳ ಕೆಲಸದ ವರದಿ ತಾಲೂಕು ಆರೋಗ್ಯಾಧಿಕಾರಿಯ ಮೂಲಕ ಜಿಲ್ಲಾ ಆರೋಗ್ಯಾಧಿಕಾರಿಗೆ ಹೋಗುತ್ತದೆ. ಪಟ್ಟಣದ ಗಡಿ ದಾಟಿದರೆ ಮೂರನೆಯ ಸಾಲು: ಪಿಡಿಒ, ತಾಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿ, ಜಿಲ್ಲಾ ಪಂಚಾಯಿತಿ ಸಿಇಒ. ಸೊಳ್ಳೆ ಇದಾವ ಗಡಿಯನ್ನೂ ಅರಿಯದು. ಆದರೆ ಈ ಸಾಲುಗಳು ಒಂದೆಡೆ ಸೇರುವುದು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಸಭೆಯಂಥ ಮೇಲಿನ ಹಂತದಲ್ಲಿ. ವಾರ್ಡಿನ ಮಟ್ಟದಲ್ಲಿ ಅಲ್ಲ.

ಇದರ ಪರಿಣಾಮ ಕೆಲಸದ ಆಯ್ಕೆಯಲ್ಲಿ ಕಾಣುತ್ತದೆ. ಪೌರಸಂಸ್ಥೆಯ ಕೈ ಮೊದಲು ಹೋಗುವುದು ಕಣ್ಣಿಗೆ ಬೀಳುವ ಕಡೆಗೆ, ಎಂದರೆ ಚರಂಡಿಯ ಹೂಳಿಗೆ ಮತ್ತು ಫಾಗಿಂಗ್‌ಗೆ. ಚರಂಡಿ ತೆಗೆದರೆ ಕ್ಯೂಲೆಕ್ಸ್ ಕಡಿಮೆಯಾಗುತ್ತದೆ, ಡೆಂಗಿಗೆ ಅದರಿಂದ ಹೆಚ್ಚು ತಡೆಯಿಲ್ಲ. ಬೀದಿಯಲ್ಲಿ ಬಿಡುವ ಹೊಗೆ ಆ ಹೊತ್ತಿಗೆ ಹಾರಾಡುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ. ನೀರಿನಲ್ಲಿರುವ ಲಾರ್ವಾಕ್ಕೆ ತಾಗುವುದಿಲ್ಲ. ಈಡಿಸ್ ಹಗಲು ಕಚ್ಚಿ, ಉಳಿದ ಹೊತ್ತು ಮನೆಯೊಳಗೆ ಬಟ್ಟೆಯ ಮರೆ, ಮಂಚದ ಕೆಳಗೆ ಕೂರುವ ಸೊಳ್ಳೆ. ಬಾಗಿಲು ಮುಚ್ಚಿದ ಮನೆಯ ಮುಂದೆ ಹೊಗೆಯಂತ್ರ ಹಾದುಹೋದರೆ ಅದರ ಗೋಜಿಗೆ ಹೋದಂತಾಗುವುದಿಲ್ಲ.

3. ತೊಟ್ಟಿಯೊಳಗಿನ ಕಾಲಗಣನೆ

ಈಡಿಸ್ ಹೆಣ್ಣು ಮೊಟ್ಟೆ ಇಡುವುದು ನೀರಿನ ಮೇಲಲ್ಲ. ನೀರಿನ ಅಂಚಿಗೆ ತುಸು ಮೇಲೆ, ತೇವವಿರುವ ಗೋಡೆಗೆ ಅಂಟಿಸುತ್ತದೆ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ನೀರಿನ ಮಟ್ಟ ಏರಿ ಮುಳುಗಿದಾಗ ಒಡೆಯುತ್ತದೆ. ಬೆಚ್ಚನೆಯ ವಾತಾವರಣದಲ್ಲಿ ಅಲ್ಲಿಂದ ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ನೀರನ್ನು ಚೆಲ್ಲಿ ಹೊಸ ನೀರು ತುಂಬಿದರೆ ಕೆಲಸ ಮುಗಿಯಲಿಲ್ಲ ಎನ್ನುವುದು ಇದಕ್ಕೇ. ಗೋಡೆಯನ್ನು ಬ್ರಷ್ ಹಾಕಿ ತಿಕ್ಕಬೇಕು.

ಈಗ ಸರದಿಯ ಪ್ರಕಾರ ನೀರು ಬರುವ ವಾರ್ಡನ್ನು ಊಹಿಸಿಕೊಳ್ಳೋಣ. ಆರು ದಿನಕ್ಕೊಮ್ಮೆ ನಲ್ಲಿ ಬರುತ್ತದೆ ಎನ್ನೋಣ. ಸೋಮವಾರ ತೊಟ್ಟಿ ತುಂಬುತ್ತದೆ. ದಿನದಿನಕ್ಕೂ ಮಟ್ಟ ಇಳಿಯುತ್ತದೆ, ಇಳಿದಂತೆ ತೇವದ ಗೋಡೆ ತೆರೆದುಕೊಳ್ಳುತ್ತದೆ, ಅಲ್ಲಿ ಮೊಟ್ಟೆ ಬೀಳುತ್ತದೆ. ಮುಂದಿನ ಸರದಿಗೆ ನೀರು ಏರಿದಾಗ ಆ ಮೊಟ್ಟೆಗಳೆಲ್ಲ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಒಡೆಯುತ್ತವೆ. ಮಟ್ಟದ ಈ ಏರಿಳಿತ ಈಡಿಸ್‌ಗೆ ಬೇಕಾದ ಏರ್ಪಾಟೇ ಆಗಿದೆ. ತಳದಲ್ಲಿ ಉಳಿದ ನೀರನ್ನು ಚೆಲ್ಲದೆ ಮೇಲಿಂದ ಮೇಲೆ ತುಂಬುತ್ತ ಹೋದರೆ, ಆರು ದಿನದ ಅಂತರವಿದ್ದರೂ ಹಿಂದಿನ ಸುತ್ತಿನ ಲಾರ್ವಾಗಳು ಮುಂದಿನ ಸುತ್ತಿಗೆ ದಾಟಿ ಸೊಳ್ಳೆಯಾಗುತ್ತವೆ.

ಇದರಿಂದ ಎರಡು ಸಂಗತಿ ಹೊರಡುತ್ತವೆ. ಒಂದು: ನೀರು ತುಂಬಿದ ಮಾರನೆಯ ದಿನ ಸಮೀಕ್ಷೆ ಮಾಡಿದರೆ ಲಾರ್ವಾಗಳು ಇನ್ನೂ ಕಣ್ಣಿಗೆ ಸಿಗದಷ್ಟು ಸಣ್ಣವು, ತೊಟ್ಟಿಯೂ ಆಳ, ಟಾರ್ಚ್ ಬೆಳಕಿಗೆ ಅವು ತಪ್ಪಿಸಿಕೊಳ್ಳುತ್ತವೆ, ಸೂಚ್ಯಂಕ ಸುಳ್ಳೇ ಕಡಿಮೆ ಬರುತ್ತದೆ. ಎರಡು: ಆ ದಿನ ತೊಟ್ಟಿ ಬರಿದು ಮಾಡಿ ಎಂದರೆ ಯಾವ ಮನೆಯಾಕೆಯೂ ಒಪ್ಪಲಾರಳು, ಒಪ್ಪಬೇಕೆಂದು ಕೇಳುವುದೂ ನ್ಯಾಯವಲ್ಲ. ಸರದಿಯ ಮುನ್ನಾದಿನ ತೊಟ್ಟಿಯಲ್ಲಿ ನೀರು ತಳ ಕಂಡಿರುತ್ತದೆ, ಬಲಿತ ಲಾರ್ವಾ ಕಾಣುತ್ತದೆ, ತಿಕ್ಕುವುದೂ ಸುಲಭ.

2024ರಲ್ಲಿ ಡೆಂಗಿ ಏರಿದಾಗ ರಾಜ್ಯದಲ್ಲಿ ಪ್ರತಿ ಶುಕ್ರವಾರ ಮನೆಮನೆ ಲಾರ್ವಾ ನಾಶದ ಅಭಿಯಾನ ನಡೆಯಿತು. ನೆನಪಿಡಲು ಒಂದೇ ವಾರ ಅನುಕೂಲ. ಆದರೆ ಸರದಿ ನೀರಿನ ಪಟ್ಟಣದಲ್ಲಿ ಆ ಶುಕ್ರವಾರ ಒಂದು ವಾರ್ಡಿಗೆ ತೊಟ್ಟಿ ಬರಿದಾದ ದಿನ, ಪಕ್ಕದ ವಾರ್ಡಿಗೆ ತುಂಬಿದ ಮಾರನೆಯ ದಿನ. ಹೀಗಾಗಿ ಎರಡು ವಾರ್ಡುಗಳ ಅಂಕಿಗಳನ್ನು ಹೋಲಿಸುವಂತೆಯೇ ಇಲ್ಲ. ಯಾವ ಬೀದಿಗೆ ಯಾವತ್ತು ನೀರು ಎಂಬುದು ವಾಲ್ವ್ ತಿರುಗಿಸುವ ನೀರುಗಂಟಿಗೆ ಬಾಯಿಪಾಠ. ಅದು ಆಶಾ ಕಾರ್ಯಕರ್ತೆಯ ಸಮೀಕ್ಷಾ ನಮೂನೆಯಲ್ಲಿ ಒಂದು ಅಂಕಣವಾಗಿ ಬರಬೇಕು.

4. ಲೆಕ್ಕದ ಒಂದು ಉದಾಹರಣೆ

ಒಂದು ವಾರ್ಡಿನಲ್ಲಿ 100 ಮನೆ, 400 ನೀರಿನ ಪಾತ್ರೆಗಳನ್ನು ನೋಡಿದರೆಂದು ಇಟ್ಟುಕೊಳ್ಳೋಣ. 12 ಮನೆಗಳ 18 ಪಾತ್ರೆಗಳಲ್ಲಿ ಲಾರ್ವಾ ಸಿಕ್ಕಿತು. ಮನೆ ಸೂಚ್ಯಂಕ 12, ಪಾತ್ರೆ ಸೂಚ್ಯಂಕ 4.5, ನೂರು ಮನೆಗೆ ಸಿಕ್ಕ ಲಾರ್ವಾ ಪಾತ್ರೆಗಳ ಸಂಖ್ಯೆಯಾದ ಬ್ರೆಟೋ ಸೂಚ್ಯಂಕ 18. ಆರೋಗ್ಯ ಇಲಾಖೆಯ ವರದಿ ಈ ಮೂರು ಅಂಕಿಗಳಲ್ಲಿ ನಿಂತರೆ ಪೌರಸಂಸ್ಥೆಗೆ ಮಾಡಲು ಏನೂ ಸಿಗದು. ಆ 18ರಲ್ಲಿ 11 ಸಿಮೆಂಟ್ ತೊಟ್ಟಿ, 5 ಬ್ಯಾರಲ್, 2 ಟೈರು ಎಂದು ಬಿಡಿಸಿ ಬರೆದರೆ ಕೆಲಸವೂ ಬಿಡಿಸಿಕೊಳ್ಳುತ್ತದೆ. ಟೈರು ಕಸದ ಗಾಡಿಗೆ, ಬ್ಯಾರಲ್‌ಗೆ ಮುಚ್ಚಳ ಅಥವಾ ಬಿಗಿದ ಬಟ್ಟೆ, ತೊಟ್ಟಿಗೆ ಸರದಿಯ ಮುನ್ನಾದಿನದ ತಿಕ್ಕುವಿಕೆ.

ಬರಿದು ಮಾಡಲಾಗದ ತೊಟ್ಟಿಗೆ ಟೆಮಿಫಾಸ್ ಹಾಕಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1 ಮಿಲಿಗ್ರಾಂ. ಎಂದರೆ 1000 ಲೀಟರಿಗೆ 1 ಗ್ರಾಂ ಮೂಲ ಔಷಧ, ಶೇ 50ರ ದ್ರಾವಣವಾದರೆ 2 ಮಿಲಿಲೀಟರ್. ಕುಡಿಯುವ ನೀರಿಗೆ ಜನ ಇದನ್ನು ಸುಲಭವಾಗಿ ಒಪ್ಪುವುದಿಲ್ಲ, ನೀರು ಬದಲಾದಂತೆ ಪರಿಣಾಮವೂ ತೆಳುವಾಗುತ್ತದೆ. ದನದ ತೊಟ್ಟಿ, ಬಳಕೆಯಿಲ್ಲದ ಬಾವಿಗೆ ಗಪ್ಪಿ ಮೀನು ಹೊಂದುತ್ತದೆ. ಬ್ಲೀಚಿಂಗ್ ಪುಡಿ ಹೆಚ್ಚು ಬಿದ್ದ ನೀರಿನಲ್ಲಿ ಅದು ಬದುಕದು. ಒಂದೇ ಬಾವಿಗೆ ಒಂದು ಸಂಸ್ಥೆ ಮೀನು ಬಿಟ್ಟು, ಇನ್ನೊಂದು ಸಂಸ್ಥೆ ಬ್ಲೀಚಿಂಗ್ ಸುರಿಯುವುದು ಹೊಂದಾಣಿಕೆ ತಪ್ಪಿದ್ದರ ನೇರ ಗುರುತು.

5. ಜ್ವರದ ಸುದ್ದಿ ತಲುಪುವ ದಿನಗಳು

ಲಾರ್ವಾ ಕೆಲಸ ವರ್ಷವಿಡೀ ನಡೆಯುವಂಥದ್ದು. ರೋಗಿ ಪತ್ತೆಯಾದಾಗ ಮಾತ್ರ ಗಡುವು ಬಿಗಿ. ಒಂದನೆಯ ತಾರೀಕು ಜ್ವರ ಬಂತು ಎನ್ನೋಣ. ನಾಲ್ಕಕ್ಕೆ ಆಸ್ಪತ್ರೆ, ಎನ್‌ಎಸ್1 ಪರೀಕ್ಷೆ. ಜ್ವರದ ಮೊದಲ ಐದು ದಿನ ರೋಗಿಯನ್ನು ಕಚ್ಚಿದ ಈಡಿಸ್‌ಗೆ ವೈರಾಣು ಅಂಟಬಹುದು; ಆ ಸೊಳ್ಳೆ ಬೇರೆಯವರಿಗೆ ರೋಗ ದಾಟಿಸಲು ಸುಮಾರು ಎಂಟರಿಂದ ಹನ್ನೆರಡು ದಿನ ಬೇಕು. ಹಾಗಾದರೆ ಒಂಬತ್ತರ ಸುಮಾರಿಗೆ ಮೊದಲ ಸೊಳ್ಳೆಗಳು ಅಪಾಯಕಾರಿಯಾಗುತ್ತವೆ. ಅದಕ್ಕೆ ಮೊದಲೇ ರೋಗಿಯ ಮನೆ ಹಾಗೂ ಸುತ್ತಲಿನ ಸುಮಾರು 50 ಮನೆಗಳ ಒಳಗೆ ಪೈರೆಥ್ರಮ್ ಸಿಂಪಡಿಸಬೇಕು. ಕೈಯಲ್ಲಿರುವುದು ನಾಲ್ಕೈದು ದಿನ.

ಈ ದಿನಗಳು ಎಲ್ಲಿ ಸೋರಿಹೋಗುತ್ತವೆ? ರೋಗಿ ಖಾಸಗಿ ಆಸ್ಪತ್ರೆಗೋ ಬಳ್ಳಾರಿ, ಹುಬ್ಬಳ್ಳಿಗೋ ಹೋಗಿರುತ್ತಾನೆ. ದಾಖಲೆಯಲ್ಲಿ ಊರಿನ ಹೆಸರಿರುತ್ತದೆ, ಬೀದಿ ಇರುವುದಿಲ್ಲ. ಪಟ್ಟಿ ಜಿಲ್ಲಾ ಕೇಂದ್ರಕ್ಕೆ ಬಂದು ತಾಲೂಕಿಗೆ ಇಳಿದು ಪೌರಸಂಸ್ಥೆ ಮುಟ್ಟುವಷ್ಟರಲ್ಲಿ ಹತ್ತನೆಯ ತಾರೀಕಾದರೆ ಆ ಸಿಂಪಡಣೆ ದಾಖಲೆಗಷ್ಟೇ. ಆದ್ದರಿಂದ ಅಳೆಯಬೇಕಾದ್ದು ಎಷ್ಟು ಲೀಟರ್ ಔಷಧ ಖರ್ಚಾಯಿತು ಎಂಬುದನ್ನಲ್ಲ. ಜ್ವರ ಶುರುವಾದ ದಿನಕ್ಕೂ ಒಳಸಿಂಪಡಣೆಯ ದಿನಕ್ಕೂ ನಡುವಿನ ಅಂತರವನ್ನು.

6. ದಂಡ ಮತ್ತು ಅದರ ಮಿತಿ

2024ರಲ್ಲಿ ಕರ್ನಾಟಕವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಹುಟ್ಟುವ ತಾಣ ಬಿಟ್ಟವರಿಗೆ ದಂಡ ಗೊತ್ತುಮಾಡಿತು: ಮನೆಗಳಿಗೆ ನಗರದಲ್ಲಿ 400, ಗ್ರಾಮದಲ್ಲಿ 200 ರೂಪಾಯಿ, ವಾಣಿಜ್ಯ ಸ್ಥಳಗಳಿಗೆ 1000 ಮತ್ತು 500, ಕಟ್ಟಡ ಕಾಮಗಾರಿ ಹಾಗೂ ಖಾಲಿ ನಿವೇಶನಗಳಿಗೆ 2000 ಮತ್ತು 1000. ಕಟ್ಟಡದ ನೀರಿನ ಗುಂಡಿ, ಪಂಕ್ಚರ್ ಅಂಗಡಿಯ ಟೈರು ರಾಶಿಯ ಮೇಲೆ ಇದು ಸರಿಯಾದ ಅಸ್ತ್ರ. ಮನೆಯ ತೊಟ್ಟಿಯ ಮಾತು ಬೇರೆ. ದಿನಗಟ್ಟಲೆ ನೀರು ಬಿಡದ ಸಂಸ್ಥೆಯೇ ನೀರು ಕೂಡಿಟ್ಟವರಿಗೆ ದಂಡ ಹಾಕಿದರೆ, ಮುಂದಿನ ಸಲ ನಿರೀಕ್ಷಕರಿಗೆ ಮನೆಯ ಬಾಗಿಲು ತೆರೆಯುವುದಿಲ್ಲ. ಸಮೀಕ್ಷೆಯ ಕಣ್ಣೇ ಮುಚ್ಚುತ್ತದೆ.

7. ಸಮಾಪನ

ಈ ವಿಶ್ಲೇಷಣೆ ಸೂಚಿಸುವ ಬದಲಾವಣೆಗೆ ಹೊಸ ಹುದ್ದೆಯಾಗಲಿ ಹೊಸ ಯಂತ್ರವಾಗಲಿ ಬೇಕಿಲ್ಲ. ಪೌರಸಂಸ್ಥೆ ತನ್ನ ವಾರ್ಡುವಾರು ನೀರಿನ ಸರದಿಯನ್ನು ತಾಲೂಕು ಆರೋಗ್ಯಾಧಿಕಾರಿಗೆ ಕೊಡಬೇಕು. ಅದರ ಮುನ್ನಾದಿನಕ್ಕೆ ಸಮೀಕ್ಷೆ ನಿಗದಿಯಾಗಬೇಕು. ಲಾರ್ವಾ ಸಿಕ್ಕ ಪಾತ್ರೆಗಳ ಬಗೆವಾರು ಪಟ್ಟಿ ಅಂದೇ ಪೌರಸಂಸ್ಥೆಯ ಆರೋಗ್ಯ ನಿರೀಕ್ಷಕರ ಕೈಸೇರಬೇಕು. ಗ್ರಾಮಗಳಲ್ಲಿ ಇದೇ ವಿನಿಮಯ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯಲ್ಲಿ ನಡೆಯಬಹುದು. ದಿನ ಬಿಟ್ಟು ದಿನ ನೀರು ಬರುವ ವಾರ್ಡುಗಳಿಗೆ ಈ ಕ್ರಮ ಹೊಂದದು. ಅಲ್ಲಿ ತೊಟ್ಟಿ ಎಂದೂ ಬರಿದಾಗದ ಕಾರಣ ಮುಚ್ಚಳವೇ ಮುಖ್ಯ. ಗಂಗಾವತಿಯ ಗದ್ದೆಯಂಚಿನ ಬಡಾವಣೆಗಳಿಗೂ ಇದು ಅರ್ಧ ಉತ್ತರ ಮಾತ್ರ. ಅಲ್ಲಿ ಕಾಲುವೆಗೆ ನೀರು ಬಿಡುವ ನೀರಾವರಿ ಇಲಾಖೆಯ ವೇಳಾಪಟ್ಟಿಯನ್ನೂ ಇದೇ ಕಡತಕ್ಕೆ ಸೇರಿಸಿಕೊಳ್ಳಬೇಕಾಗುತ್ತದೆ.