ಎರಡು ಪದ ಉಳಿಯಿತು, ವಚನ ಮರೆಯಿತು: ನುಡಿಗಳ ನೆನಪಿನ ಬಗೆ

ಕಾಡುಗೋಡಿಯ ಸುತ್ತಲಿನ ಕಾರ್ಖಾನೆಗಳ ಗೋಡೆಗಳ ಮೇಲೆ, ಆಟೋಗಳ ಹಿಂಬದಿಯಲ್ಲಿ, ಅಂಗಡಿಗಳ ಗಲ್ಲಾಪೆಟ್ಟಿಗೆಯ ಮೇಲ್ಗಡೆ 'ಕಾಯಕವೇ ಕೈಲಾಸ' ಎಂಬ ನುಡಿಯನ್ನು ನಾವು ಕಾಣುತ್ತಿರುತ್ತೇವೆ. ಇದನ್ನು ನುಡಿದವರು ಯಾರೆಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಬಸವಣ್ಣನವರ ಹೆಸರು ಹೇಳುತ್ತಾರೆ. ಆದರೆ ಈ ಮಾತು ದೊರೆಯುವ ವಚನ ಆಯ್ದಕ್ಕಿ ಮಾರಯ್ಯನವರದು. ಅದರ ಅಂಕಿತ ಅಮರೇಶ್ವರಲಿಂಗ. ಎರಡು ಪದಗಳು ಎಂಟು ಶತಮಾನ ಬದುಕಿ ಬಂದಿವೆ. ಅವುಗಳನ್ನು ಹೆತ್ತ ವಚನವನ್ನು ಬಲ್ಲವರು ವಿರಳ. ಒಂದು ನುಡಿ ಏಕೆ ಉಳಿಯುತ್ತದೆ, ಅದರ ಪಕ್ಕದಲ್ಲೇ ಇದ್ದ ನುಡಿ ಏಕೆ ಅಳಿಯುತ್ತದೆ ಎಂಬುದನ್ನು ಪರಿಶೀಲಿಸಲು ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ತೋರದು.

ಮಾರಯ್ಯನವರು ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯಿಂದ ಕಲ್ಯಾಣಕ್ಕೆ ಬಂದವರು. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದೇ ಅವರ ಕಾಯಕ. ಅವರ ವಚನದ ಸಾರವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: ಕಾಯಕದಲ್ಲಿ ತೊಡಗಿದವನು ಆ ಹೊತ್ತಿನಲ್ಲಿ ಗುರುವಿನ ದರ್ಶನವನ್ನೂ ಬದಿಗಿಡಬೇಕು, ಲಿಂಗದ ಪೂಜೆಯನ್ನೂ ಬದಿಗಿಡಬೇಕು, ಜಂಗಮನೇ ಎದುರು ನಿಂತಿದ್ದರೂ ದಾಕ್ಷಿಣ್ಯಕ್ಕೆ ಒಳಗಾಗಬಾರದು. ಕೈಲಾಸದ ಮಾತು ಬರುವುದು ಇದೆಲ್ಲ ಆದ ಮೇಲೆ, ಕೊನೆಯತ್ತ, ಕಾರಣವಾಗಿ. ಅನಂತರ ದೇವರೂ ಕಾಯಕದ ಪರಿಧಿಯ ಹೊರಗಿಲ್ಲ ಎಂಬಲ್ಲಿಗೆ ವಚನ ಮುಗಿಯುತ್ತದೆ. ಗುರು, ಲಿಂಗ, ಜಂಗಮ ಮೂವರನ್ನೂ ಹೆಸರಿಸಿ ಮೂವರಿಗಿಂತ ಕಾಯಕವನ್ನು ಮುಂದಿಟ್ಟ ದಿಟ್ಟತನ ಇಲ್ಲಿದೆ. ಜನರ ನಾಲಗೆಯ ಮೇಲೆ ಉಳಿದದ್ದು ಆ ದಿಟ್ಟತನವಲ್ಲ, ಅದಕ್ಕೆ ಕೊಟ್ಟ ಕಾರಣ ಮಾತ್ರ.

ಆ ಎರಡು ಪದಗಳಿಗೆ ಇಂತಹ ಆಯುಸ್ಸು ಒದಗಿದ್ದು ಹೇಗೆ? ಮೊದಲು ನಾದವನ್ನು ಗಮನಿಸೋಣ. ವಚನಕ್ಕೆ ಷಟ್ಪದಿಯಂತೆ ಎಣಿಸಿಟ್ಟ ಮಾತ್ರೆಗಳಿಲ್ಲ. ಅದರ ಲಯ ಪದಗಳ ಎದುರುಬದುರಿನಿಂದ ಹುಟ್ಟುವಂಥದು. 'ಕಾಯಕ' ಮತ್ತು 'ಕೈಲಾಸ' ಎರಡೂ ಕಕಾರದಿಂದ, ಅದೂ ದೀರ್ಘವಾದ ಮೊದಲಕ್ಷರದಿಂದ ತೊಡಗುತ್ತವೆ. ಎರಡಕ್ಕೂ ಮೂರು ಮೂರು ಅಕ್ಷರ. ನಡುವಿನ 'ವೇ' ಎಂಬ ಒತ್ತು ತಕ್ಕಡಿಯ ಮುಳ್ಳಿನಂತೆ ನಿಂತು ಎರಡನ್ನೂ ಸಮವಾಗಿ ತೂಗುತ್ತದೆ. ಇದು ಬರಿಯ ಅಲಂಕಾರವೋ ಅಲ್ಲವೋ ಎಂಬುದನ್ನು ಪದ ಬದಲಿಸಿ ಪರೀಕ್ಷಿಸಬಹುದು. 'ದುಡಿಮೆಯೇ ಸ್ವರ್ಗ' ಎನ್ನಿರಿ, 'ಶ್ರಮವೇ ಮೋಕ್ಷ' ಎನ್ನಿರಿ. ಅರ್ಥ ಬಹುಮಟ್ಟಿಗೆ ಅದೇ. ಆದರೆ ನಾಳೆ ಬೆಳಿಗ್ಗೆ ಯಾವ ಪದ ಬಳಸಿದೆವೆಂದು ನಮಗೇ ಅನುಮಾನ ಬರುತ್ತದೆ. ಮೂಲದಲ್ಲಿ ಒಂದು ಪದ ನೆನಪಾದರೆ ಅದು ಇನ್ನೊಂದನ್ನು ಕೈಹಿಡಿದು ಕರೆತರುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮೆಗ್ಲೋನ್ ಮತ್ತು ತೋಫಿಗ್‌ಬಕ್ಷ್ 2000ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದೇ ಬಗೆಯ ಪದಬದಲಾವಣೆಯನ್ನು ಇಂಗ್ಲಿಷ್ ಗಾದೆಗಳ ಮೇಲೆ ನಡೆಸಿತ್ತು. ಪ್ರಾಸವಿದ್ದ ಮಾತು ಪ್ರಾಸ ಕಳೆದ ಅದೇ ಮಾತಿಗಿಂತ ಹೆಚ್ಚು ನಿಜವೆಂದು ಓದುಗರಿಗೆ ತೋರಿತು. ನಾದವು ನೆನಪಿಗಷ್ಟೇ ಅಲ್ಲ, ನಂಬಿಕೆಗೂ ದಾರಿ ಮಾಡುತ್ತದೆ ಎಂಬುದು ಸ್ವಲ್ಪ ಎಚ್ಚರ ಹುಟ್ಟಿಸುವ ಸಂಗತಿ.

ಲಯವು ಹಿಡಿದಿಡುವ ಬಗೆ ಉದ್ದವಾದ ನುಡಿಯಲ್ಲಿ ಇನ್ನೂ ಸ್ಪಷ್ಟ. ಏಳು ನಿಷೇಧಗಳನ್ನು ಹೇಳುವ ಬಸವಣ್ಣನವರ ಪ್ರಸಿದ್ಧ ವಚನವನ್ನು ಮಕ್ಕಳು ಒಪ್ಪಿಸುವಾಗ ಕಿವಿಗೊಟ್ಟು ಕೇಳಿರಿ. ಕಳವು, ಕೊಲೆ ಎಂಬ ಮೊದಲೆರಡು ಎಂದಿಗೂ ತಪ್ಪುವುದಿಲ್ಲ, ಏಕೆಂದರೆ ಅವು ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಪದಗಳು. ತನ್ನ ಹೊಗಳಿಕೆ, ಇತರರ ತೆಗಳಿಕೆ ಎಂಬ ಕೊನೆಯೆರಡೂ ತಪ್ಪುವುದು ಕಡಿಮೆ. ಅವು ವಿರೋಧದ ಜೋಡಿ. ಮಗು ತಡವರಿಸುವುದು ನಡುವೆ, ಅನ್ಯರ ಬಗ್ಗೆ ಅಸಹ್ಯಪಡುವುದನ್ನು ನಿಷೇಧಿಸುವಲ್ಲಿ. ಆ ಮಾತಿಗೆ ನಾದದ ಜೊತೆಗಾರನೂ ಇಲ್ಲ, ಅರ್ಥದ ಎದುರಾಳಿಯೂ ಇಲ್ಲ. ಆದರೂ ಅದು ವಚನದಿಂದ ಉದುರಿಹೋಗಿಲ್ಲ. 'ಬೇಡ' ಎಂಬ ಮರುಕಳಿಸುವ ಕೊನೆ ಒಂದು ಎಣಿಕೆಯನ್ನು ಕಟ್ಟಿಕೊಟ್ಟಿದೆ. ಒಂದು ಬಿಟ್ಟರೆ ಲಯ ಕುಂಟಿ, ಕೇಳುವವರು ತಿದ್ದುತ್ತಾರೆ.

ಚಿತ್ರದ ಕೆಲಸ ಬೇರೆ. 'ಕೈ ಕೆಸರಾದರೆ ಬಾಯಿ ಮೊಸರು' ಎಂಬ ಗಾದೆಯಲ್ಲಿ ದುಡಿಮೆ, ಪ್ರತಿಫಲ ಎಂಬ ಭಾವವಾಚಕಗಳೇ ಇಲ್ಲ; ಕಣ್ಣಿಗೆ ಕಾಣುವ ಕೆಸರು, ನಾಲಗೆಗೆ ತಿಳಿಯುವ ಮೊಸರು ಇವೆ. ಕೈಲಾಸವೂ ಹಾಗೆಯೇ. ಮೋಕ್ಷಕ್ಕೆ ಆಕಾರವಿಲ್ಲ, ಕೈಲಾಸಕ್ಕೆ ಶಿಖರವಿದೆ, ಹಿಮವಿದೆ. ಮಾರಯ್ಯ ದಂಪತಿಗಳ ಕಥೆ ಉಳಿದದ್ದೂ ಚಿತ್ರದ ಬಲದಿಂದಲೇ. ಒಂದು ದಿನ ಪತಿ ಎಂದಿನದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಈ ಆಸೆ ನಮಗೇಕೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಲಕ್ಕಮ್ಮ ತಾಯಿ ಹಿಂದಕ್ಕೆ ಕಳುಹಿಸಿದರು. ಅಪರಿಗ್ರಹದ ಮೇಲಿನ ಉಪದೇಶಗಳನ್ನು ಮರೆತವರಿಗೂ ಸೆರಗಿನ ಆ ಅಕ್ಕಿ ಮರೆಯದು.

ಇನ್ನು ಬೆರಗು. 1933ರಲ್ಲಿ ಹೆಡ್ವಿಗ್ ಫಾನ್ ರೆಸ್ಟಾರ್ಫ್ ಎಂಬ ಜರ್ಮನ್ ವಿದುಷಿ, ಒಂದೇ ಬಗೆಯ ಅಂಶಗಳ ಪಟ್ಟಿಯಲ್ಲಿ ಬೇರೆ ಬಗೆಯದೊಂದಿದ್ದರೆ ಅದೇ ಹೆಚ್ಚು ನೆನಪಿರುತ್ತದೆಂದು ತೋರಿಸಿದರು. ಹನ್ನೆರಡನೆಯ ಶತಮಾನದ ಕೇಳುಗನಿಗೆ ಕೈಲಾಸವೆಂದರೆ ಪುಣ್ಯದ ಫಲವಾಗಿ ಸಾವಿನಾಚೆ ಏರಬೇಕಾದ ಎತ್ತರ. ಅದನ್ನು ನೆಲಕ್ಕೆ ಬಗ್ಗಿ ಅಕ್ಕಿ ಆಯುವ ಕೈಗಳಲ್ಲಿ ಇಟ್ಟದ್ದು ಎಂತಹ ತಿರುವು! ಆದರೆ ಬೆರಗಿಗೆ ಒಂದು ಮಿತಿಯಿದೆ: ನುಡಿ ಗೆದ್ದಷ್ಟೂ ಬೆರಗು ಸವೆಯುತ್ತದೆ. ಇಂದು ಆ ಫಲಕದ ಕೆಳಗೆ ಪಾಳಿಗೆ ನಡೆಯುವವರು ಅದರಲ್ಲಿ ಚೆನ್ನಾಗಿ ಕೆಲಸ ಮಾಡಿರೆಂಬ ಸೂಚನೆಯನ್ನಷ್ಟೇ ಓದುತ್ತಾರೆ. ನಾದ ಉಳಿದಿದೆ, ತಿರುವು ಹೋಗಿದೆ.

ಇಲ್ಲಿಯೇ ಒಂದು ಆಕ್ಷೇಪ ಬರಬಹುದು. ವಚನದ ಮರೆತ ಭಾಗಕ್ಕೂ ಲಯವಿದೆ, ಮೂರು ಸಮಾನ ನುಡಿಗಳಿವೆ, ಬೆರಗಂತೂ ಧಾರಾಳವಾಗಿದೆ; ಅದೇಕೆ ಉಳಿಯಲಿಲ್ಲ? ಲಯ, ಚಿತ್ರ, ಬೆರಗುಗಳು ನುಡಿಯನ್ನು ನೆನಪಿಗೆ ಯೋಗ್ಯವಾಗಿಸುತ್ತವೆ, ಆದರೆ ಅದನ್ನು ಮತ್ತೆ ಮತ್ತೆ ಆಡುವ ಸಂದರ್ಭವನ್ನು ಕೊಡಲಾರವು ಎಂಬುದು ನಮ್ಮ ತಿಳಿವು. ಕೆಲಸ ಹಚ್ಚುವಾಗ, ಸಮಾರಂಭದಲ್ಲಿ, ಬೀಳ್ಕೊಡುಗೆಯಲ್ಲಿ 'ಕಾಯಕವೇ ಕೈಲಾಸ' ಎನ್ನಲು ಅವಕಾಶವುಂಟು. ಗುರುದರ್ಶನವನ್ನೂ ಬದಿಗಿಡಿರೆಂದು ಹೇಳಲು, ನಮ್ಮಂತಹ ಮಠದ ಪರಿಸರದಲ್ಲಿಯೂ, ಸುಲಭವಾದ ಸಂದರ್ಭ ಒದಗುವುದಿಲ್ಲ. ನಾಲಗೆ ಕೈಬಿಟ್ಟದ್ದನ್ನು ಉಳಿಸಿದ್ದು ಓಲೆಗರಿ. ಫ. ಗು. ಹಳಕಟ್ಟಿಯವರು ಮನೆಮನೆಗಳಿಂದ ಓಲೆಗರಿಗಳನ್ನು ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಅಚ್ಚು ಹಾಕಿಸಿದ ಬಳಿಕವೇ ಇಂತಹ ಅನೇಕ ವಚನಗಳು ಸಾಮಾನ್ಯ ಓದುಗರ ಕೈಗೆ ಬಂದವು.

ಕರ್ತೃವಿನ ಹೆಸರು ಕಳಚಿದ್ದಕ್ಕೂ ಕಾರಣ ಸರಳ. ಅಂಕಿತ ಇರುವುದು ವಚನದ ಕೊನೆಯಲ್ಲಿ. ತುಣುಕು ಒಂಟಿಯಾಗಿ ಹೊರಟಾಗ ಅಂಕಿತ ಹಿಂದೆಯೇ ಉಳಿಯುತ್ತದೆ. ಹೆಸರಿಲ್ಲದ ಮಾತು ಎಲ್ಲರೂ ಬಲ್ಲ ದೊಡ್ಡ ಹೆಸರಿನ ಆಶ್ರಯ ಪಡೆಯುತ್ತದೆ. ಆದ್ದರಿಂದ ಮೊಬೈಲಿನಲ್ಲಿ ಶರಣರ ನುಡಿಯೆಂದು ಬಂದ ಚಿಕ್ಕ ಸಾಲಿಗೆ ಅಂಕಿತವಿಲ್ಲದಿದ್ದರೆ, ಅದರ ಪೂರ್ಣ ವಚನ ಯಾವುದೆಂದು ಮೊದಲು ಹುಡುಕಬೇಕು. ಕರ್ನಾಟಕ ಸರ್ಕಾರ ಪ್ರಕಟಿಸಿರುವ ಸಮಗ್ರ ವಚನ ಸಂಪುಟಗಳಲ್ಲಿ ಮಾರಯ್ಯನವರ ವಚನಗಳು ಸಂಕೀರ್ಣ ಸಂಪುಟದಲ್ಲಿವೆ. ಹುಡುಕುವವರು ವಚನಗಳ ಮೊದಲ ಸಾಲುಗಳನ್ನಷ್ಟೇ ನೋಡಿ ನಿರಾಶರಾಗದಿರಲಿ. ಆ ಎರಡು ಪದಗಳಿರುವುದು ಕೊನೆಯತ್ತ.